ಪಲ್ಲವಿ ಮುಗಿಯುವವರೆಗೆ

ಹೊನ್ನಾಳಿಯಿಂದ ದಾವಣಗೆರೆಗೆ ಹೋಗುವ ಬೆಳಗಿನ ಬಸ್ಸು ಕಿಕ್ಕಿರಿದಿದೆ. ಎಂಜಿನ್ ಪೆಟ್ಟಿಗೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಡ್ರೈವರ್ ರುದ್ರಣ್ಣ ಹೆದ್ದಾರಿಯಲ್ಲಿ ಕುಣಿತದ ಹಾಡು ಹಾಕಿ, ಪೇಟೆಯ ಟ್ರಾಫಿಕ್ಕಿನಲ್ಲಿ ತತ್ವಪದಕ್ಕೆ ಬದಲಾಯಿಸುತ್ತಾನಂತೆ. ಇವತ್ತು ಕಾಲೇಜು ಹುಡುಗಿಯರು ಹಾಡು ಬದಲಿಸುವುದು ಬೇಡವೆಂದರು, ಅವನೂ ಕುಣಿತದ ಹಾಡನ್ನೇ ಮುಂದುವರಿಸಿದ. ಪೇಟೆಯ ಮೊದಲ ಸಿಗ್ನಲ್ಲಿನಲ್ಲಿ, ಹಸಿರು ಬೀಳುವ ಮೊದಲೇ, ತಮಟೆಯ ಏಟಿಗೆ ಸರಿಯಾಗಿ ಬಸ್ಸು ಜಿಗಿಯಿತು. ಸ್ಕೂಟರಿನ ಹೆಂಗಸೊಬ್ಬಳು ಗೇಣಂತರದಲ್ಲಿ ಉಳಿದಳು.

"ಕಣ್ಣು ಎಲ್ಲಿ ಇಟ್ಟೀಯೋ ಅಣ್ಣಾ?"

"ತಪ್ಪಾತವ್ವಾ," ಎಂದ ರುದ್ರಣ್ಣ ಹಾಡು ಬದಲಿಸಿ, ಸದ್ದು ತಗ್ಗಿಸಿದ. ನನ್ನತ್ತ ತಿರುಗಿ, "ಆ ಹಾಡು ಸೀದಾ ಕಾಲಿಗೆ ಇಳಿತೈತ್ರಿ ಮೇಡಂ," ಎಂದ.

ಈಗ ಏಕತಾರಿಯ ನಿಧಾನ ಲಯ. ಹಾಡುಗಾರ ಹೇಳಿದ ಸಾಲನ್ನು ಮೇಳ ಮತ್ತೆ ಹೇಳುತ್ತದೆ. ಮೇಳದ ಸರದಿಯಲ್ಲಿ ರುದ್ರಣ್ಣ ದೀರ್ಘವಾಗಿ ಉಸಿರು ಬಿಡುತ್ತಾನೆ.

"ಹಾರ್ನ್ ಹೊಡಿಯಾಕೆ ಕೈ ಹೋದ್ರೆ ಪಲ್ಲವಿ ಮುಗಿಯೋತನ ತಡಿಬೇಕ್ರಿ, ಅದು ನಮ್ಮ ಕಾಯ್ದೆ," ಎಂದ ಕಂಡಕ್ಟರ್.

ಮುಂದಿನ ಸಿಗ್ನಲ್ ಹಸಿರಾದರೂ ಎದುರಿನ ಆಟೋ ಅಲುಗಲಿಲ್ಲ. ರುದ್ರಣ್ಣನ ಕೈ ಹಾರ್ನಿನತ್ತ ಹೋಯಿತು. ಹಿಂದಿನಿಂದ ಅದೇ ಹುಡುಗಿಯರು ಪಲ್ಲವಿ ಎತ್ತಿಕೊಂಡರು, ನಿಂತವರೆಲ್ಲ ದನಿಗೂಡಿಸಿದರು. ನಾನೂ ಹಾಡಿದೆ. ಅವನು ಕೈ ಹಿಂತೆಗೆದ.

ಪಲ್ಲವಿ ಮುಗಿಯುವಷ್ಟರಲ್ಲಿ, ಆಟೋದ ಮರೆಯಿಂದ ಕೋಲೂರಿದ ಅಜ್ಜಿಯೊಬ್ಬರು ರಸ್ತೆ ದಾಟಿ ಫುಟ್‌ಪಾತ್ ಹತ್ತಿದರು.