ಬೊಳ್ಳುವಿಗೆ ತೋಡಿದ ಗುಂಡಿ

ಮುಂಡಾಜೆಯ ಶಿವಕೃಷ್ಣ ಮಾಸ್ಟ್ರು ಹೆಣ್ಣು ನೋಡಲು ಹೋದಾಗಲೂ ಮೊದಲು ನೋಡಿದ್ದು ಹುಡುಗಿಯ ಹಲ್ಲನ್ನಂತೆ ಎಂದು ಊರವರು ಈಗಲೂ ತಮಾಷೆ ಮಾಡುವುದುಂಟು. ಮಾಸ್ಟ್ರು ಅದನ್ನು ಅಲ್ಲಗಳೆದವರಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಷ್ಟು ಕಾಲವೂ ತೋಡಿನ ಬದಿಯಲ್ಲಿ, ಗುಡ್ಡೆಯಲ್ಲಿ ಸಿಕ್ಕಿದ ತಲೆಬುರುಡೆಗಳನ್ನೆಲ್ಲ ಹೆಕ್ಕಿ ತಂದವರು. ಅವರ ಅಮ್ಮ ಅವನ್ನು ಜಗಲಿಗೂ ಹತ್ತಿಸಲಿಲ್ಲ; ದನದ ಹಟ್ಟಿಯ ಅಟ್ಟದಲ್ಲೇ ಇಡಬೇಕು, ಮುಟ್ಟಿದ ದಿನ ಬಾವಿಕಟ್ಟೆಯಲ್ಲಿ ಮಿಂದೇ ಒಳಗೆ ಬರಬೇಕು. ಅಮ್ಮ ಹೋಗಿ ವರ್ಷಗಳಾದವು. ಮೀಯುವ ಅಭ್ಯಾಸ ಮಾತ್ರ ಉಳಿದಿದೆ. ಬೈಯುವವರಿಲ್ಲದ ಆ ಸ್ನಾನ ಮಾಸ್ಟ್ರಿಗೆ ಒಂದಿಷ್ಟೂ ಹಿತವಲ್ಲ.

ತರಗತಿಯಲ್ಲಿ ಅವರದೊಂದು ಆಟವಿತ್ತು. ಗೋಣಿಚೀಲದೊಳಗೆ ಬುರುಡೆ ಇಟ್ಟು, ಕಣ್ಣು ಮುಚ್ಚಿ ಕೈಹಾಕಿ ಯಾವ ಪ್ರಾಣಿಯದು ಹೇಳಿ ಎನ್ನುವರು. ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲವೇ, ಕಣ್ಣಿನ ಗುಳಿ ಪಕ್ಕಕ್ಕೆ ತಿರುಗಿ ಸುತ್ತಲೂ ಎಲುಬಿನ ಬಳೆ ಇದೆಯೇ, ಹಾಗಾದರೆ ಮೆಲುಕು ಹಾಕುವ ಆಡೋ ದನವೋ. ಗುಳಿ ಮುಂದಕ್ಕೆ ನೋಡುತ್ತ, ಹಿಂಬದಿಯಲ್ಲಿ ಎಲುಬಿನ ಬಳೆ ಕೂಡದೆ ಬಿಟ್ಟುಕೊಂಡು, ಕೋರೆ ಚುಚ್ಚಿತೆಂದರೆ ಬೇಟೆಯ ಜಾತಿ. ಮೋರೆ ಗಿಡ್ಡವಾದರೆ ಬೆಕ್ಕಿನ ಕಡೆಯದು, ಉದ್ದವಾದರೆ ನಾಯಿಯ ಕಡೆಯದು. "ಕಂಡದ್ದನ್ನು ಹೇಳಬೇಕು, ಬೇಕಾದದ್ದನ್ನಲ್ಲ" ಎನ್ನುವುದು ಆಟದ ನಿಯಮ. ಮಕ್ಕಳು ಕಿರುಚುತ್ತ, ನಗುತ್ತ ಕೈ ಹಾಕುತ್ತಿದ್ದ ಆ ಮಧ್ಯಾಹ್ನಗಳನ್ನು ನೆನೆದರೆ ಮಾಸ್ಟ್ರ ಎದೆ ಈಗಲೂ ತುಂಬಿ ಬರುತ್ತದೆ. ಕೈ ಹಾಕಲು ಹೆದರಿ ಅತ್ತವಳು ಕಾವೇರಿ ಒಬ್ಬಳೇ.

ಆ ಕಾವೇರಿ ಈಗ ಕಾವೇರಮ್ಮ. ಪಕ್ಕದ ಗುಡ್ಡೆಯಲ್ಲಿ ರಬ್ಬರು, ಗದ್ದೆ ನೋಡಿಕೊಂಡಿರುವ ಗಟ್ಟಿಗಿತ್ತಿ. ಅವಳ ಬಿಳಿ ನಾಯಿ ಬೊಳ್ಳು ಬೇಸಗೆಯಲ್ಲಿ ಕಾಣೆಯಾಗಿತ್ತು. ಅಂದಿನಿಂದ ದಿನಾ ಸಂಜೆ ಅದರ ತಟ್ಟೆಗೆ ಅನ್ನ ಹಾಕುವುದು, ಬೆಳಿಗ್ಗೆ ಕಾಗೆಗೆ ಸುರಿಯುವುದು. ಮಳೆ ಬಿಟ್ಟ ಮೇಲೆ, ರಬ್ಬರು ಟ್ಯಾಪಿಂಗ್ ಮಾಡುವ ದಯಾನಂದ ಗುಡ್ಡೆಯ ತುದಿಯಲ್ಲಿ ಕೆಳದವಡೆ ಸಮೇತ ಒಂದು ಬುರುಡೆ ಕಂಡು, ನಿಮ್ಮ ಬೊಳ್ಳುವೇ ಎಂದು ತಂದುಕೊಟ್ಟ. ಕಾವೇರಮ್ಮ ಅತ್ತು ಮುಗಿಸಿ, ತಟ್ಟೆ ತೊಳೆದು ಕವುಚಿ ಹಾಕಿ, ತೆಂಗಿನ ಬುಡದಲ್ಲಿ ಗುಂಡಿ ತೋಡಿಸಿದಳು. ಮಣ್ಣು ಮಾಡುವ ಮೊದಲು ಮಾಸ್ಟ್ರು ಒಮ್ಮೆ ನೋಡಲಿ ಎಂದು ಹೇಳಿ ಕಳಿಸಿದಳು.

ಮಾಸ್ಟ್ರ ಕಣ್ಣಿಗೆ ಈಗ ಮಂಜು. ಅವರು ಗುಂಡಿಯ ಬದಿಯಲ್ಲಿ ಕೂತು ಬುರುಡೆಯನ್ನು ತೊಡೆಯ ಮೇಲಿಟ್ಟು ಬೆರಳಾಡಿಸಿದರು. ನಾಯಿಯ ಕಡೆಯದೇ, ಸಂಶಯವಿಲ್ಲ. ಆದರೆ ಮೋರೆ ಸ್ವಲ್ಪ ಗಿಡ್ಡ, ಅಗಲ. ಕೆಳದವಡೆಯ ಕತ್ತರಿಯಂಥ ದೊಡ್ಡ ಹಲ್ಲಿನ ಹಿಂದೆ ಬೆರಳು ನಿಂತುಬಿಟ್ಟಿತು. ಮತ್ತೊಂದು ಬದಿಯನ್ನೂ ಮುಟ್ಟಿದರು. ಅವರಿಗೆ ಗೊತ್ತಾಯಿತು, ಗೊತ್ತಾದದ್ದು ಬೇಡವೆನಿಸಿತು.

ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಗುಂಡಿ ತಯಾರಿತ್ತು, ಕಾವೇರಮ್ಮನ ಮುಖದಲ್ಲಿ ತಿಂಗಳುಗಳ ನಂತರ ನೆಮ್ಮದಿ ಇತ್ತು. ಯಾರಪ್ಪನ ಗಂಟು ಹೋಗುತ್ತಿತ್ತು? ಮಾಸ್ಟ್ರು ಬಾಯಿ ತೆರೆದರು, ಸುಳ್ಳು ಹೊರಡಲಿಲ್ಲ.

"ಕಾವೇರಿ, ಕಣ್ಣು ಮುಚ್ಚು. ಕೈ ಕೊಡು" ಎಂದರು.

ಅವಳು ಈ ಸಲ ಹೆದರಲಿಲ್ಲ. ಮಾಸ್ಟ್ರು ಅವಳ ಬೆರಳನ್ನು ದೊಡ್ಡ ಹಲ್ಲಿನ ಹಿಂದಕ್ಕೆ ಒಯ್ದು, ಅಲ್ಲಿ ಸಣ್ಣ ಹಲ್ಲು ಎಷ್ಟುಂಟು ಎಂದು ಕೇಳಿದರು.

"ಒಂದೇ ಉಂಟು, ಮಾಸ್ಟ್ರೇ."

ನಾಯಿಗೆ ಅಲ್ಲಿ ಎರಡಿರುತ್ತದೆ ಎಂದರು ಮಾಸ್ಟ್ರು. ಬಿದ್ದುಹೋಗಿರಬಹುದಲ್ಲ ಎಂದಳು ಅವಳು, ಬೇಡುವ ಹಾಗೆ. ಬಿದ್ದಿದ್ದರೆ ಗುಳಿ ಇರುತ್ತಿತ್ತು ಎಂದರು ಮಾಸ್ಟ್ರು. ಕೆಲವು ನಾಯಿಗೆ ಆ ಹಲ್ಲು ಹುಟ್ಟುವುದೇ ಇಲ್ಲ, ಅದೂ ನಿಜ. ಆದರೆ ದೊಡ್ಡ ಹಲ್ಲಿನ ಹಿಂಭಾಗದಲ್ಲಿ ನಾಯಿಗೆ ಎರಡು ಮೊನೆ. ಇದಕ್ಕೆ ಬ್ಲೇಡಿನ ಹಾಗೆ ಒಂದೇ. ಇದು ಚಾರ್ಮಾಡಿ ಕಾಡಿನಿಂದ ಇಳಿದು ಬಂದ ಸೀಳುನಾಯಿ. ಹೂಳುವ ಹಾಗಿಲ್ಲ, ಅರಣ್ಯದವರಿಗೆ ತಿಳಿಸಬೇಕು.

ಸಂತೋಷಪಡುತ್ತಾಳೆ ಎಂದು ದಯಾನಂದ ಕಾದ. ಬೊಳ್ಳು ಸತ್ತಿಲ್ಲದಿರಬಹುದು ಎಂದೂ ಹೇಳಿದ. ಕಾವೇರಮ್ಮ ಕಣ್ಣು ತೆರೆಯಲೇ ಇಲ್ಲ. ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿಯಿತು. ಅವಳಿಗೆ ಬೇಕಿದ್ದದ್ದು ಬೊಳ್ಳು. ಅದು ಸಿಗದಿದ್ದರೆ ಅದರ ಸಾವಾದರೂ. ಆ ಎರಡನೆಯದನ್ನೂ ತಾನೇ ಕಸಿದುಕೊಂಡೆ ಎಂದು ಮಾಸ್ಟ್ರಿಗೆ ಸಂಕಟವಾಯಿತು. ಕ್ಷಮಿಸು ಎನ್ನಬೇಕೆಂದುಕೊಂಡರು, ಆದರೆ ಯಾವ ತಪ್ಪಿಗೆ ಎಂದು ತೋಚಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಸೆರಗಿನಿಂದ ಮುಖ ಒರೆಸಿ ಎದ್ದಳು. ಗುಂಡಿ ಹಾಗೇ ಇರಲಿ, ಸೊಪ್ಪು ಗೊಬ್ಬರ ಹಾಕಿದರಾಯಿತು ಎಂದು ದಯಾನಂದನಿಗೆ ಹೇಳಿದಳು. ಮಾಸ್ಟ್ರಿಗೆ ಕೈ ತೊಳೆಯಲು ನೀರು ಕೊಟ್ಟಳು. ಮನೆಗೆ ಹೋಗಿ ಮಿಂದೇ ಒಳಗೆ ಹೋಗಿ, ಇಲ್ಲದಿದ್ದರೆ ನಿಮ್ಮ ಅಮ್ಮ ಮೇಲಿಂದ ಬೈದಾರು ಎಂದಳು. ಎಷ್ಟೋ ವರ್ಷಗಳ ಮೇಲೆ ಇನ್ನೊಬ್ಬರ ಬಾಯಲ್ಲಿ ಆ ಮಾತು ಕೇಳಿ ಮಾಸ್ಟ್ರು ಇನ್ನೊಮ್ಮೆ ಕೈಗೆ ನೀರು ಸುರಿದುಕೊಂಡರು.

ಆಮೇಲೆ ಅವಳು ಗೋಡೆಯ ಬದಿಗೆ ಹೋಗಿ, ಕವುಚಿ ಹಾಕಿದ್ದ ತಟ್ಟೆಯನ್ನು ಮಗುಚಿ ಇಟ್ಟಳು.

"ಹಾಗಾದರೆ ಇವತ್ತೂ ಅನ್ನ ಇಡ್ತೇನೆ, ಮಾಸ್ಟ್ರೇ."