ನೌಮಾನ್ ಬರೆದುಕೊಟ್ಟ ಬೆಲೆ

ಬೇರೆಯವರು ಪಂಚಾಂಗ ಓದುವಂತೆ ಉಮಾಮಹೇಶ್ವರಿ ಸ್ಕೂಟರುಗಳ ಹಿಂಭಾಗ ಓದುತ್ತಿದ್ದಳು. ತನ್ನೂರು ಹದಡಿಯ ಬಸ್‌ಸ್ಟಾಪಿನಲ್ಲಿ ನಿಂತ ಗಾಡಿಯ ಮಡ್‌ಗಾರ್ಡಿನ ಮೇಲೆ, ತಾನು ಕೆಲಸ ಮಾಡುವ ದಾವಣಗೆರೆ ಶೋರೂಮಿನ ಸ್ಟಿಕ್ಕರ್ ಕಂಡರೆ ಎದೆ ತಣ್ಣಗಾಗುತ್ತಿತ್ತು. ಹರಿಹರದ ಶೋರೂಮಿನದು ಕಂಡರೆ ತಿಂದ ಉಪ್ಪಿಟ್ಟು ಹೊಟ್ಟೆಯಲ್ಲೇ ಕಲ್ಲಾಗುತ್ತಿತ್ತು. ಈಚೆಗೆ ಕಲ್ಲುಗಳೇ ಜಾಸ್ತಿ.

ಒಂದೇ ಕಂಪನಿ, ಒಂದೇ ಗಾಡಿ, ರಿಜಿಸ್ಟ್ರೇಷನ್ನೂ ಒಂದೇ ಆರ್‌ಟಿಒ. ಆದರೂ ಹುಟ್ಟಿದಾಗಿನಿಂದ ತನ್ನನ್ನು ಎತ್ತಿ ಆಡಿಸಿದ ಜನ ದಾವಣಗೆರೆ ದಾಟಿಕೊಂಡು, ಹರಿಹರದಲ್ಲಿ ನೌಮಾನ್ ಎಂಬವನ ಹತ್ತಿರ ಗಾಡಿ ಕೊಳ್ಳುತ್ತಾರೆ. ಅವನನ್ನು ಅವಳು ಕಂಡದ್ದು ಒಮ್ಮೆ ಮಾತ್ರ, ಕಂಪನಿಯ ತರಬೇತಿಯಲ್ಲಿ. ಸಣಕಲು ಆಳು, ಮಾತು ಕಮ್ಮಿ. ಮಾತೇ ಬಾರದವನು ಮಾರುವುದು ಹೇಗೆ? ಮೋಸವಿಲ್ಲದೆ ಆಗದು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಕಡಿಮೆ ಬೆಲೆ ಹೇಳಿ ಕರೆದು, ಮುಂಗಡ ಕಟ್ಟಿಸಿಕೊಂಡು, ಆಮೇಲೆ ಒಂದೊಂದೇ ಸೇರಿಸುತ್ತಾನೆ. ಹಾಗೆ ಎಲ್ಲರಿಗೂ ಹೇಳಿಯೂ ಆಗಿತ್ತು. ತನ್ನ ಶೋರೂಮಿನಲ್ಲಿ ನಡೆಯುತ್ತಿದ್ದದ್ದೂ ಬಹುಮಟ್ಟಿಗೆ ಅದೇ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚಿಗೆ ಕನ್ನಡಿ ಇರುವುದಿಲ್ಲ.

ಅಂಥ ದಿನಗಳಲ್ಲಿ ದಾವಣಗೆರೆಯ ಮಂಡಿಪೇಟೆಯಿಂದ ಶೋರೂಮಿಗೆ ಒಂದು ಕಾಗದ ಬಂತು. ಬರೆದವರು ಕಾಳಿನ ವ್ಯಾಪಾರಿ ವಾಮದೇವಪ್ಪ. ಅವರೂ ಮೂಲತಃ ಹದಡಿಯವರೇ, ಉಮಾಳ ತಂದೆಯ ಗೆಳೆಯರು. ಮೊಮ್ಮಗಳು ಕೃತಿಕಾಗೆ ಕಾಲೇಜಿಗೆ ಹೋಗಲು ಸ್ಕೂಟರ್ ಬೇಕಿತ್ತು.

“ನಿಮ್ಮಲ್ಲಿ ವಿಚಾರಿಸಿದಾಗ ವಿಸಿಟಿಂಗ್ ಕಾರ್ಡಿನ ಹಿಂದೆ ಒಂದು ಮೊತ್ತ ಬರೆದು ಸುತ್ತ ಗೆರೆ ಎಳೆದು ಕೊಟ್ಟಿರುತ್ತಾರೆ. ಅದರಿಂದ ನನಗೆ ಏನೂ ತಿಳಿಯಲಿಲ್ಲ. ಆದ್ದರಿಂದ ಇದೇ ಮಾಡೆಲ್ಲು, ಇದೇ ವೇರಿಯಂಟಿಗೆ ಎಕ್ಸ್-ಶೋರೂಂ ಬೆಲೆ, ರಸ್ತೆ ತೆರಿಗೆ ಮತ್ತು ನೋಂದಣಿ, ಇನ್ಶೂರೆನ್ಸ್ ಯಾವ ಕಂಪನಿಯದು, ಎಷ್ಟು ವರ್ಷದ್ದು, ಏನನ್ನು ಒಳಗೊಂಡಿದೆ, ಬಿಡಿಭಾಗಗಳು, ಬೇರೆ ಯಾವುದೇ ಖರ್ಚು, ರಿಯಾಯಿತಿ, ಇಷ್ಟನ್ನೂ ಬೇರೆ ಬೇರೆಯಾಗಿ ಬರೆದು, ಯಾವುದು ಕಡ್ಡಾಯ, ಯಾವುದು ನಮ್ಮ ಇಷ್ಟ ಎಂದು ತಿಳಿಸಿ, ಬೆಲೆ ಯಾವ ತಾರೀಖಿನವರೆಗೆ ಎಂದು ನಮೂದಿಸಿ ಸಹಿ, ಮೊಹರು ಹಾಕಿ ಕೊಡಬೇಕಾಗಿ ವಿನಂತಿ. ಹರಿಹರದ ಶೋರೂಮಿಗೂ ಇದೇ ಕಾಗದ ಬರೆದಿದ್ದೇನೆ.”

ಕೊನೆಯ ಸಾಲು ಓದಿದಾಗ ಉಮಾಳ ಕಿವಿ ಬಿಸಿಯಾಯಿತು. ತಾನು ದೊಡ್ಡಪ್ಪ ಎಂದು ಕರೆಯುವ ಮನುಷ್ಯ! ಅವರೂ ನೌಮಾನನ ಕಡೆಗೇ!

ಮ್ಯಾನೇಜರ್ ಪರಮೇಶ್ವರಪ್ಪ ಕಾಗದ ಓದಿ ಪಕ್ಕಕ್ಕೆ ಸರಿಸಿದರು. “ಬಾಯಾಗೆ ಹೇಳಮ್ಮ. ಬರೆದುಕೊಟ್ರೆ ಅದನ್ನ ಹಿಡ್ಕಂಡು ಸೀದಾ ಹರಿಹರಕ್ಕೆ ಹೋಗ್ತಾರೆ.”

“ಅಲ್ಲಿ ಬರೆದುಕೊಡ್ತಾರೆ ಸಾರ್. ನಾವು ಕೊಡದಿದ್ರೆ ಈ ಗಾಡಿನೂ ಹೋತು.”

“ಹಂಗಾದ್ರೆ ಒಟ್ಟು ಮೊತ್ತ ಕಮ್ಮಿ ಕಾಣಂಗೆ ಬರಿ. ‘ಇತರೆ’ ಮಾತ್ರ ಬಿಡಿಸಿ ಬರೀಬ್ಯಾಡ.”

ನೋಡಿ, ಈ ಊರಿನಲ್ಲಿ ಕಿಲೋ ಬೆಲ್ಲ ಕೊಂಡವನೂ ತಕ್ಕಡಿ ದಿಟ್ಟಿಸುತ್ತಾನೆ. ಲಕ್ಷದ ಗಾಡಿಯನ್ನು ಮಾತ್ರ ಬಾಯಿಮಾತಿನ ಬೆಲೆಗೆ ಕೊಳ್ಳಬೇಕಂತೆ. ಬಿಡಿಸಿ ಬರೆಯಲು ನಾಚುವಂಥ ಬೆಲೆಯನ್ನು ಕೇಳಲು ನಾಚಿಕೆಯಿಲ್ಲ!

ಉಮಾಗೆ ಆಗ ನಾಚಿಕೆಯ ಪುರುಸೊತ್ತು ಇರಲಿಲ್ಲ. ನೌಮಾನನ ಮೊತ್ತಕ್ಕಿಂತ ತನ್ನದು ಕೆಳಗಿರಬೇಕು, ಅಷ್ಟೇ. ಇನ್ಶೂರೆನ್ಸನ್ನು ಎದುರಿನವರ ನಷ್ಟಕ್ಕೆ ಮಾತ್ರ ಸಲ್ಲುವ ಐದು ವರ್ಷದ ಥರ್ಡ್ ಪಾರ್ಟಿಗೆ ಇಳಿಸಿ, ಕಾಗದದಲ್ಲಿ ಬರೀ ‘ಇನ್ಶೂರೆನ್ಸ್’ ಎಂದು ಬರೆದಳು. ಉಳಿದದ್ದನ್ನೆಲ್ಲ ‘ಇತರೆ’ಯೊಳಗೆ ತುರುಕಿದಳು. ಸಹಿ, ಮೊಹರು ಬಿತ್ತು.

ಮಂಡಿಪೇಟೆಯ ಅಂಗಡಿಗೆ ತಾನೇ ಹೋದಳು. ಅವಳು ಹೊರಟದ್ದು ನೌಮಾನನ ಮೋಸ ಬಯಲಾಗುವುದನ್ನು ಕಣ್ಣಾರೆ ನೋಡಲಿಕ್ಕೆ.

“ಬಾರವ್ವ, ಕೂಡು,” ಎಂದರು ವಾಮದೇವಪ್ಪ. ಗಾದಿಯ ಮೇಲೆ ಹರಿಹರದ ಕಾಗದ ಆಗಲೇ ಬಂದು ಕೂತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟರು. ಕೃತಿಕಾ ಬಗ್ಗಿ ನೋಡಿದಳು.

“ತಾತ, ಉಮಕ್ಕಂದೇ ಕಮ್ಮಿ ಐತಿ! ಒಂದು ಸಾವಿರ!”

ಉಮಾಳ ಎದೆಯಲ್ಲಿ ಡೊಳ್ಳು ಬಡಿಯಿತು. “ನಾ ಹೇಳಿರಲಿಲ್ಲೇನು ದೊಡ್ಡಪ್ಪ? ಹರಿಹರದೋರು ಬಣ್ಣದ ಮಾತಾಡ್ತಾರೆ.”

“ತಡಿ ತಡಿ. ಕಾಳು ಕೊಳ್ಳಬೇಕಾದ್ರೆ ಚೀಲದ ಬಾಯಿ ನೋಡಿದ್ರೆ ಸಾಕೇನು? ಬುಡಕ್ಕೂ ಕೈ ಹಾಕ್ಬೇಕು.” ಮುದುಕರ ಬೆರಳು ಸಾಲು ಸಾಲಾಗಿ ಇಳಿಯಿತು. “ಎಕ್ಸ್-ಶೋರೂಮು, ಎರಡರಾಗೂ ಒಂದೇ. ತೆರಿಗೆ, ನೋಂದಣಿ, ಅವೂ ಒಂದೇ. ಜಗಳ ಏನಿದ್ರೂ ಇದರ ಕೆಳಗೆ. ನಿಂದು ಇನ್ಶೂರೆನ್ಸು ಎಂಥದವ್ವ? ಅವನು ಥರ್ಡ್ ಪಾರ್ಟಿ ಐದು ವರ್ಷ, ಗಾಡಿಗೆ ಡ್ಯಾಮೇಜಾದ್ರೆ ಒಂದು ವರ್ಷ ಅಂತ ಬರೆದಾನೆ. ಕಂಪನಿ ಹೆಸರೂ ಐತೆ.”

“ನಂದು… ಥರ್ಡ್ ಪಾರ್ಟಿ ಅಷ್ಟೇ.”

“ಅಂದ್ರೆ ಈ ಹುಡುಗಿ ಬಿದ್ದು ಗಾಡಿ ಮುರ್ಕಂಡ್ರೆ?”

“ನಾನ್ಯಾಕೆ ಬೀಳ್ತೀನಿ ತಾತ?” ಎಂದು ಕೃತಿಕಾ ಸಿಡುಕಿದಳು.

“ಆತು, ಬೀಳಬ್ಯಾಡ. ಈ ಇತರೆ ಅಂದ್ರೇನು?”

“ಹ್ಯಾಂಡ್ಲಿಂಗ್ ಚಾರ್ಜು, ಗಾಡಿ ತಂದಿಳಿಸಿದ ಖರ್ಚು. ಮ್ಯಾಟು, ಸೀಟ್ ಕವರು, ಗಾರ್ಡು. ನಂಬರ್ ಪ್ಲೇಟು.”

“ನಂಬರ್ ಪ್ಲೇಟು ಗಾಡಿ ಬೆಲೆಯೊಳಗೇ ಬರ್ತೈತೆ, ಬೇರೆ ಕೊಡಬೇಕಿಲ್ಲ ಅಂತ ಈ ಹುಡುಗ ಬರೆದಾನಲ್ಲ.”

ಉಮಾ ಆ ಕಾಗದವನ್ನು ಎಳೆದುಕೊಂಡಳು. ಮೋಸದ ಒಂದು ಎಳೆಯಾದರೂ ಸಿಗಲಿ ಎಂದು ದೇವರಿಗೆ ಹರಕೆ ಹೊರುವಷ್ಟು ಆಸೆಯಿಂದ ಓದಿದಳು. ಸಿಗಲಿಲ್ಲ. ಮ್ಯಾಟು, ಸೀಟ್ ಕವರು, ಹೆಚ್ಚುವರಿ ವಾರಂಟಿ, ಪ್ರತಿಯೊಂದಕ್ಕೂ ಬೆಲೆ. ಎದುರಿಗೆ ದುಂಡು ಅಕ್ಷರದಲ್ಲಿ, “ಬೇಡವಾದರೆ ತೆಗೆಯಬಹುದು”. ಇನ್ಶೂರೆನ್ಸಿನ ಎದುರಿಗೆ, “ಹೊರಗಡೆ ಮಾಡಿಸಿದರೂ ನಡೆಯುತ್ತದೆ”. ಹ್ಯಾಂಡ್ಲಿಂಗ್ ಚಾರ್ಜಿನ ಸಾಲೇ ಇಲ್ಲ. ಬೇಡದ್ದನ್ನು ತೆಗೆದರೆ ಅವನ ಬೆಲೆ ಅವಳದಕ್ಕಿಂತ ಕೆಳಗಿಳಿಯುತ್ತಿತ್ತು, ಅದೂ ಪೂರ್ತಿ ಇನ್ಶೂರೆನ್ಸಿನ ಜೊತೆ. ಮಾತೇ ಬಾರದವನು ಮಾರುವುದು ಹೀಗೆ. ಮೋಸಗಾರನಾಗಿದ್ದರೆ ಅವನನ್ನು ಕ್ಷಮಿಸಬಹುದಿತ್ತು. ಇದನ್ನು ಹೇಗೆ ಕ್ಷಮಿಸುವುದು?

ಪೆನ್ನು ತೆಗೆದಳು. ಮ್ಯಾನೇಜರನ್ನು ಕೇಳಲಿಲ್ಲ. ತನ್ನ ಕಾಗದದ ‘ಇತರೆ’ ಹೊಡೆದು ಹಾಕಿದಳು. ಇನ್ಶೂರೆನ್ಸನ್ನು ಫೋನಿನಲ್ಲಿ ನೋಡಿ ಪೂರ್ತಿ ಬರೆದಳು. ಹ್ಯಾಂಡ್ಲಿಂಗ್ ಇಲ್ಲ, ಪ್ಲೇಟಿಗೆ ಬೇರೆ ದುಡ್ಡಿಲ್ಲ ಎಂದು ಬರೆದು ಪ್ರತಿ ತಿದ್ದುಪಡಿಗೂ ಸಹಿ ಹಾಕಿದಳು.

“ಈಗ ಎರಡೂ ಒಂದೇ ದೊಡ್ಡಪ್ಪ. ನಮ್ಮಲ್ಲೇ ತಗಳ್ರಿ. ಸರ್ವೀಸಿಗೂ ಹತ್ರ.”

ವಾಮದೇವಪ್ಪ ಅವಳ ಕಾಗದವನ್ನು ಅವಳತ್ತ ಸರಿಸಿದರು. “ನೀನು ನಮ್ಮ ಹುಡುಗಿ. ನಿನಗೇ ಕೊಡಬೇಕು ಅಂತಿದ್ದೆ. ಆದ್ರೆ ನೋಡವ್ವ, ಅವನು ಕೇಳಿದ್ದಕ್ಕೆ ಬರೆದ. ನೀನು ಸಿಕ್ಕಿಬಿದ್ದ ಮ್ಯಾಲೆ ಬರೆದಿ. ಗಾಡಿ ಹರಿಹರದಾಗೆ ತಗಂತೀನಿ. ಬ್ಯಾಸರ ಮಾಡ್ಕಬ್ಯಾಡ.”

ಕೃತಿಕಾ ಚಹಾ ತಂದಳು. ಉಮಾ ಕುಡಿದಳು. ಏಳುವಾಗ ಕೇಳಿದಳು: “ದೊಡ್ಡಪ್ಪ, ಆ ಹರಿಹರದ ಕಾಗದ ಒಂದು ಗಳಿಗೆ ಕೊಡ್ರಿ. ಜೆರಾಕ್ಸ್ ಮಾಡಿಸ್ಕಂಡು ತಂದುಕೊಡ್ತೀನಿ.”

ಮುದುಕರು ನಕ್ಕರು. “ಯಾಕ, ತಪ್ಪು ಹುಡುಕಕ್ಕಾ?”

“ಅಲ್ಲ. ಹಂಗೇ ಬರಿಯಾಕೆ.”

ಅದನ್ನು ಹೇಳುವಾಗಲೂ ಹೊಟ್ಟೆ ಉರಿಯುತ್ತಿತ್ತು. ಓಣಿಯ ತುದಿಯ ಜೆರಾಕ್ಸ್ ಅಂಗಡಿಯಲ್ಲಿ ಅವಳು ಕಾಗದದ ಕೆಳಅಂಚನ್ನು, ನೌಮಾನನ ಹೆಸರೂ ಸಹಿಯೂ ಇದ್ದ ಜಾಗವನ್ನು, ಉಗುರಿನಿಂದ ನೀಟಾಗಿ ಮಡಚಿ ಕೊಟ್ಟಳು.

“ಮೇಡಂ, ಹೆಸರು ಬೀಳಲ್ಲ ನೋಡ್ರಿ,” ಎಂದ ಅಂಗಡಿಯವ.

“ಬೀಳೋದು ಬ್ಯಾಡ,” ಎಂದಳು ಉಮಾಮಹೇಶ್ವರಿ. “ಹತ್ತು ಕಾಪಿ ತೆಗಿ.”