ನಜ್ಮುನ್ನೀಸಾ ಹೆಸರಿನ ಬಿಲ್ಲು

ತೆರಿಗೆ ಕಟ್ಟುವುದಕ್ಕೆ ಯಾರಾದರೂ ಜಗಳ ಆಡುತ್ತಾರೆಯೇ? ಮದ್ದೂರಿನ ನಜ್ಮುನ್ನೀಸಾ ಆಡಿದಳು. ತೆರಿಗೆ ಗುಮಾಸ್ತ ಬಂದರೆ ಹಿತ್ತಲ ಬಾಗಿಲಿನಿಂದ ಜಾರಿಕೊಳ್ಳುವ ಜನರ ನಡುವೆ ಆಕೆಯೊಬ್ಬಳು, ನನ್ನ ಹೆಸರನ್ನೂ ಬರೆದುಕೊಳ್ಳಿ ಎಂದು ಗುಮಾಸ್ತನ ಬೆನ್ನು ಹತ್ತಿದ್ದಳು.

ಗಂಡ ಅಫ್ಸರ್ ಪಾಷಾ ದರ್ಜಿ. ತೀರಿಕೊಂಡಾಗ ಅವಳಿಗೆ ಉಳಿದದ್ದು ಒಂದು ಹೊಲಿಗೆ ಯಂತ್ರ ಮತ್ತು ಅವನಿಂದ ಕಲಿತ ಕೈಚಳಕ. ಆ ಹೊತ್ತಿಗೆ ಮಂಡ್ಯದ ಕಡೆ ಒಂದು ಸಕ್ಕರೆ ಕಾರ್ಖಾನೆ ಕಬ್ಬಿನ ರಸ ಸೋಸಲು ದಪ್ಪ ಹತ್ತಿ ಬಟ್ಟೆಯ ಚೀಲಗಳನ್ನು ಕೊಳ್ಳುತ್ತಿತ್ತು. ಎರಡು ಹೊಲಿಗೆ ಹಾಕದಿದ್ದರೆ ರಸದ ಒತ್ತಡಕ್ಕೆ ಅಂಚು ಬಿರಿಯುತ್ತದೆ. ನಜ್ಮುನ್ನೀಸಾಳ ಚೀಲ ಬಿರಿಯಲಿಲ್ಲ. ಬೀದಿಯ ಬಿಬಿ ಜಾನ್, ಜಾನ್ ಬೀ ಮೊದಲಾದವರನ್ನೂ ಕೂಡಿಸಿಕೊಂಡು ತನ್ನ ಜಗಲಿಯಲ್ಲೇ ಕೆಲಸ ನಡೆಸಿದಳು. ಮಾಲು ಮಾತ್ರ ಗಂಡನ ಅಣ್ಣ ಬಾಬು ಜಾನನ ಹೆಸರಿನಲ್ಲಿ ಹೋಗುತ್ತಿತ್ತು. ಬಟ್ಟೆ ಅಂಗಡಿ ಇಟ್ಟವನು ಅವನು, ಬಿಲ್ಲು ಅವನದು, ಹೆಸರು ಅವನದು. ನಜ್ಮುನ್ನೀಸಾಳ ಕೈಗೆ ಅವನು ಕೊಟ್ಟಷ್ಟು, ಬಟ್ಟೆಯ ದುಡ್ಡನ್ನೂ ಹೆಂಗಸರ ಕೂಲಿಯನ್ನೂ ಅವಳು ಅದರಲ್ಲೇ ಹೊಂದಿಸಬೇಕಿತ್ತು.

ಒಂದು ಸಲ ಬಾಬು ಜಾನ್ ಅವಳ ಚೀಲಗಳ ನಡುವೆ ಯಾರದೋ ಕಳಪೆ ಚೀಲಗಳನ್ನು ತೂರಿಸಿ ಕಳಿಸಿದ. ಮಾಲು ವಾಪಸು ಬಂದಾಗ ಕಾರ್ಖಾನೆಯವರ ಎದುರು, "ನಮ್ಮ ಹೆಂಗಸರು ಸರಿಯಾಗಿ ಹೊಲಿಯಾಕಿಲ್ಲ" ಎಂದನಂತೆ. ಆ ಮಾತು ಕಿವಿಗೆ ಬಿದ್ದ ದಿನ ನಜ್ಮುನ್ನೀಸಾ ಉರಿದುಹೋದಳು. ಇನ್ನು ಮಾಲು ಹೋದರೆ ನನ್ನ ಹೆಸರಿನಲ್ಲೇ ಹೋಗಬೇಕು, ಇಲ್ಲದಿದ್ದರೆ ಯಂತ್ರ ಮುಚ್ಚಿಡುತ್ತೇನೆ ಎಂದು ತೀರ್ಮಾನಿಸಿದಳು.

ಪಕ್ಕದ ಮನೆಯ ಚಿಕ್ಕಬೋರಮ್ಮ ಮಂಡ್ಯದ ಸಂತೆಗೆ ತುಪ್ಪ ಮಾರಲು ರೈಲಿನಲ್ಲಿ ಹೋಗಿಬರುವವಳು. ಅವಳ ಜೊತೆ ಬುರ್ಖಾ ಹೊದ್ದು ನಜ್ಮುನ್ನೀಸಾ ಕಾರ್ಖಾನೆಯ ಉಗ್ರಾಣಕ್ಕೆ ಹೋದಳು. ಅಲ್ಲಿಯ ಗುಮಾಸ್ತ ಕರಿಯಪ್ಪ ಒರಟು ಬಾಯಿಯವನು, ಆದರೆ ಮಾತು ಮುಚ್ಚಿಡುವವನಲ್ಲ. ಅವಳು ತನ್ನ ಚೀಲ ತೋರಿಸಿ, ಇನ್ನು ನನ್ನ ಹೆಸರಿನಲ್ಲೇ ಬಿಲ್ಲು ತೆಗೆದುಕೊಳ್ಳಿ ಎಂದಾಗ ಅವನು ಹೇಳಿದ.

"ಚೀಲ ಚೆನ್ನಾಗವೆ ಕಣಮ್ಮ, ಅದು ನಂಗೊತ್ತು. ಆದ್ರೆ ಮಾಲು ಚೆನ್ನಾಗದೆ ಅಂತ ಬಿಲ್ಲು ಇಸ್ಕೊಳಾಕಾಯ್ತದಾ? ಮೊದ್ಲು ನಿನ್ನೆಸ್ರು ನಮ್ಮ ಪಟ್ಟಿಗೆ ಬರ್ಬೇಕು. ಪುರಸಭೆ ತೆರಿಗೆ ಪುಸ್ತಕದಾಗೆ ಈ ಕಸುಬು ನಿನ್ನೆಸ್ರಲ್ಲಿರ್ಬೇಕು. ಬ್ಯಾಂಕಲ್ಲಿ ಖಾತೆನೂ ಅದೇ ಎಸ್ರಲ್ಲಿರ್ಬೇಕು. ನೀನು ತಂದ ಕಾಗ್ದ ನೋಡಿ ಸುಮ್ಕಾಗಾಕಿಲ್ಲ. ಪುರಸಭೆಗೂ ಬ್ಯಾಂಕಿಗೂ ನಾವೇ ಬರ್ದು ಕೇಳ್ತೀವಿ. ಎರಡೂ ಕಡೆಯಿಂದ ಒಂದೇ ಎಸ್ರು ಬಂದ್ರೆ ಆಮ್ಯಾಕೆ ಆರ್ಡ್ರು, ಆಮ್ಯಾಕೆ ಬಿಲ್ಲು."

"ಯಾಕೆ ಸ್ವಾಮಿ ಇಷ್ಟೊಂದು?"

"ಹೋದ ವರ್ಸ ಒಬ್ಬ ಮಾಲು ಕೊಟ್ಟ, ಇನ್ನೊಬ್ಬ ದುಡ್ಡು ತಕೊಂಡೋದ. ನಮ್ಗೆ ಸಾಕಾಗೋಗದೆ."

ಬ್ಯಾಂಕಿನ ಕೆಲಸ ಸಲೀಸಾಯಿತು. ಅವಳಿಗೆ ಬಟ್ಟೆ ಮಾರುವ ಮಂಡ್ಯದ ಸಾಹುಕಾರರ ಖಾತೆ ಅಲ್ಲೇ ಇತ್ತು. ಈಕೆ ನನಗೆ ಗೊತ್ತಿರುವವಳು ಎಂದು ಅವರು ಸಹಿ ಹಾಕಿದರು. ಬ್ಯಾಂಕಿನ ಶಾಖೆ ನೋಡಿಕೊಳ್ಳುವ ಏಜೆಂಟರು ಅವಳಿಂದ ಉರ್ದುವಿನಲ್ಲಿ ಮಾದರಿ ಸಹಿ ಪಡೆದು ಇಟ್ಟುಕೊಂಡರು. ತನ್ನ ಹೆಸರನ್ನು ನಜ್ಮುನ್ನೀಸಾ ಅಷ್ಟು ನಿಧಾನವಾಗಿ ಯಾವತ್ತೂ ಬರೆದಿರಲಿಲ್ಲ.

ಎಡವಿದ್ದು ಮನೆಯಲ್ಲಿ. ಪುರಸಭೆಗೆ ಅರ್ಜಿ ಕೊಟ್ಟ ಮೇಲೆ ತೆರಿಗೆ ಗುಮಾಸ್ತ ಪುಟ್ಟರಾಜು ಸ್ಥಳ ನೋಡಲು ಬಂದ. ಜಗಲಿಯ ಪರದೆಯಾಚೆ ನಿಂತು, "ಈ ಹೊಲಿಗೆ ಕೆಲಸ ಯಾರದಮ್ಮ?" ಎಂದು ಕೇಳಿದ. ಆ ಬೀದಿಯಲ್ಲಿ ಸರ್ಕಾರದವರು ಏನು ಕೇಳಿದರೂ ಹೆಂಗಸರು ಮನೆಯ ಹಿರಿಯ ಗಂಡಸಿನ ಹೆಸರು ಹೇಳುವುದು ವಾಡಿಕೆ. ಹಸು ಯಾರದು, ಬಾವಿ ಯಾರದು, ಎಲ್ಲಕ್ಕೂ ಒಂದೇ ಉತ್ತರ. ಬಿಬಿ ಜಾನ್ ಒಂದಿಷ್ಟೂ ಯೋಚಿಸದೆ, "ಬಾಬು ಜಾನ್ ಸಾಹೇಬ್ರದು" ಎಂದುಬಿಟ್ಟಳು. ಜಾನ್ ಬೀ ಹೌದು ಹೌದು ಎಂದಳು. ನನ್ನದು ಎನ್ನಬೇಕೆಂದಿದ್ದ ನಜ್ಮುನ್ನೀಸಾ, ಹೊರಗಿನವರ ಎದುರು ಭಾವನ ಹೆಸರು ಅಳಿಸುವುದು ಹೇಗೆಂದು ಸುಮ್ಮನಾದಳು. ಪುಟ್ಟರಾಜು, ಇದು ಬಾಬು ಜಾನನ ಅಂಗಡಿಗೇ ಸೇರಿದ್ದು, ಬೇರೆ ನೋಂದಣಿ ಬೇಕಿಲ್ಲ ಎಂದು ಬರೆದುಕೊಂಡು ಹೋದ.

ಪಟ್ಟಿಗೆ ಸೇರಿಸಿ ಎಂದು ಅವಳು ಕೊಟ್ಟಿದ್ದ ಅರ್ಜಿಗೆ ಕಾರ್ಖಾನೆಯಿಂದ ಉತ್ತರ ಬಂತು. ಬ್ಯಾಂಕಿನವರು ನಜ್ಮುನ್ನೀಸಾ ಎನ್ನುತ್ತಾರೆ, ಪುರಸಭೆಯವರು ಬಾಬು ಜಾನ್ ಎನ್ನುತ್ತಾರೆ, ಎರಡೂ ಹೊಂದುವವರೆಗೆ ಹೆಸರು ಸೇರಿಸಲಾಗದು ಎಂದಿತ್ತು. ಸುದ್ದಿ ಕೇಳಿದ ಬಾಬು ಜಾನ್ ಎಲೆ ಅಡಿಕೆ ಹಾಕಿಕೊಂಡು ನಗುತ್ತಾ ಬಂದ.

"ನಾನಿಲ್ವಾ? ಹಳೇ ತರ ನಡೀಲಿ ಬುಡು."

ಅವಳಿಗೆ ಅಳು ಬಂತು. ಸಿಟ್ಟು ಅದಕ್ಕಿಂತ ಹೆಚ್ಚು ಬಂತು, ಅದೂ ತನ್ನ ಮೇಲೆ. ಮೂಗಿಯಾಗಿ ಕೂತದ್ದಕ್ಕೆ ತಕ್ಕ ಶಾಸ್ತಿಯಾಯಿತು ಎಂದುಕೊಂಡಳು. ಮರುದಿನ ಚಿಕ್ಕಬೋರಮ್ಮನ ಕೈಲಿ ಪುರಸಭೆಗೆ ಎರಡನೆಯ ಅರ್ಜಿ ಕಳಿಸಿದಳು. ಇನ್ನೊಮ್ಮೆ ಬಂದು ನೋಡಿ, ಬಾಬು ಜಾನರನ್ನೂ ಕರೆಸಿ ಎಂದು ಬರೆಸಿದ್ದಳು. ಬೀದಿಯ ಹೆಂಗಸರನ್ನು ಕೂಡಿಸಿ, ಈ ಸಲ ಯಾರೂ ನನ್ನ ಬದಲು ಬಾಯಿ ತೆರೆಯಬೇಡಿ ಎಂದಳು.

ಪುಟ್ಟರಾಜು ಬಂದ. ಬಾಬು ಜಾನನೂ ಬಂದು ಜಗಲಿಯಂಚಿನಲ್ಲಿ ಯಜಮಾನನ ಹಾಗೆ ಕೂತ. ಗುಮಾಸ್ತ ಅದೇ ಪ್ರಶ್ನೆ ಕೇಳಿದ. ಪರದೆಯ ಹಿಂದಿನಿಂದ ಗಟ್ಟಿ ದನಿ ಬಂತು.

"ನಂದು ಸ್ವಾಮಿ. ಯಂತ್ರ ನಂದು, ಬಟ್ಟೆ ನಾನು ಕೊಂಡಿದ್ದು, ಇವರಿಗೆ ಕೂಲಿ ಕೊಡೋಳು ನಾನು. ತೆರಿಗೆನೂ ನಾನೇ ಕಟ್ತೀನಿ. ಹೋದ ಸಲ ನಾನು ಸುಮ್ಕಿದ್ದೆ, ಅದು ನನ್ನ ತಪ್ಪು."

"ಹೋದ ಸಲ ಬಾಬು ಜಾನ್ ಸಾಹೇಬ್ರದು ಅಂದ್ರಲ್ಲ?" ಎಂದ ಗುಮಾಸ್ತ.

"ಅವರದೇ ಆದ್ರೆ ಅವರೇ ಹೇಳ್ಲಿ."

ಪುಟ್ಟರಾಜು ಬಾಬು ಜಾನನ ಕಡೆ ತಿರುಗಿದ. ಗುಮಾಸ್ತ ಯಾರ ಪರವೂ ಅಲ್ಲ, ಅವನಿಗೆ ಪುಸ್ತಕ ಸರಿಯಿದ್ದರಾಯಿತು.

"ನಿಮ್ದೇ ಅಂದ್ರೆ ಬರ್ಕೊತೀನಿ ಸಾಹೇಬ್ರೆ, ನಂಗೇನು. ಆದ್ರೆ ನೀವು ಬರ್ಸಿರೋದು ಬಟ್ಟೆ ಅಂಗಡಿ ಒಂದೇ. ಹೊಲಿಗೆ ಕಸುಬೂ ಸೇರಿದ್ರೆ ನಿಮ್ಮ ತೆರಿಗೆ ದರ್ಜೆ ಏರ್ತದೆ. ಇಷ್ಟು ವರ್ಸ ಯಾಕೆ ತೋರಿಸ್ಲಿಲ್ಲ ಅಂತ ನಮ್ಮ ಮೇಲಿನ ಸಾಹೇಬ್ರು ಕೇಳ್ತಾರೆ. ಹಿಂದಿನ ಬಾಕಿನೂ ಬೀಳ್ತದೆ. ಒಂದು ರುಜು ಆಕಿ."

ಬಾಬು ಜಾನ್ ಬಾಯಲ್ಲಿದ್ದ ಎಲೆ ಅಡಿಕೆ ಉಗಿದ. ಅವನು ಎದ್ದು ನಿಂತು ಪಂಚೆ ಕೊಡವಿಕೊಂಡ.

"ಅಯ್ಯೋ ಬುಡಿ ಸ್ವಾಮಿ, ಹೊಲಿಗೆ ನಂಗ್ಯಾಕೆ? ಸೂಜಿ ಹಿಡ್ದೋನಾ ನಾನು? ಅವಳದೇ, ಪೂರಾ ಅವಳದೇ."

"ಹಂಗಂತ ಬರ್ಕೊಟ್ಟು ರುಜು ಆಕಿ ಮತ್ತೆ."

ಹಾಕಿದ, ಹೆಂಗಸರೆಲ್ಲ ನೋಡುತ್ತಿರುವಂತೆಯೇ ಹಾಕಿದ. ಪುಟ್ಟರಾಜು ಆ ವರ್ಷದ ತೆರಿಗೆ ಇಷ್ಟೆಂದು ಹೇಳಿದ್ದೇ ತಡ, ಪರದೆಯ ಕೆಳಗಿನಿಂದ ದುಡ್ಡು ಹೊರಬಂತು. ರಶೀದಿ ಬರೆಯುವಾಗ ಅವನಿಗೇ ನಗು ಬಂತು. ಇಷ್ಟು ಸಂತೋಷದಿಂದ ತೆರಿಗೆ ಕಟ್ಟಿದವರನ್ನು ಈ ಊರಲ್ಲಿ ನೋಡಿಯೇ ಇಲ್ಲ ಎಂದ.

ಕಾರ್ಖಾನೆಯವರು ಮತ್ತೆ ಎರಡೂ ಕಡೆ ಬರೆದರು. ನೋಂದಣಿ ನಿಜ, ರಶೀದಿ ನಮ್ಮದೇ ಎಂದು ಪುರಸಭೆ ಉತ್ತರಿಸಿತು. ಕಾರ್ಖಾನೆಗೆ ಕೊಟ್ಟ ಅರ್ಜಿಯ ಮೇಲಿನ ಉರ್ದು ಸಹಿ ಮಾದರಿ ಸಹಿಗೆ ಹೊಂದುತ್ತದೆ, ಖಾತೆ ಆಕೆಯೊಬ್ಬಳದೇ ಎಂದು ಬ್ಯಾಂಕು ತಿಳಿಸಿತು. ಹೆಸರು ಪಟ್ಟಿಗೆ ಸೇರಿತು, ಆರ್ಡರು ಬಂತು. ಜಗಲಿಯ ಯಂತ್ರ ಬಿಡುವಿಲ್ಲದೆ ತಿರುಗಿತು, ಮತ್ತು ಆ ಸಲ ಒಂದು ಚೀಲವೂ ವಾಪಸು ಬರಲಿಲ್ಲ.

ಬಿಲ್ಲು ಕೊಡಲು ನಜ್ಮುನ್ನೀಸಾ ತಾನೇ ಮಂಡ್ಯಕ್ಕೆ ಹೋದಳು. ಉಗ್ರಾಣದ ಕಿಟಕಿಯ ಮುಂದೆ ಗುತ್ತಿಗೆದಾರರ ಸಾಲು. ಬುರ್ಖಾ ತೊಟ್ಟ ಹೆಂಗಸು ಸಾಲಿನಲ್ಲಿ ನಿಂತದ್ದನ್ನು ಕಂಡು ಹಿಂದಿದ್ದ ಗುತ್ತಿಗೆದಾರರೊಬ್ಬರು, "ಯಾರ ಕಡೆಯಿಂದ ಬಂದಿದ್ದೀಯಮ್ಮ?" ಎಂದು ಕೇಳಿದರು.

ಅವಳು ಉತ್ತರಿಸುವ ಮೊದಲೇ ಸರದಿ ಬಂತು. ಕರಿಯಪ್ಪ ಬಿಲ್ಲನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಮೊಹರು ಒತ್ತಿ, ಎಲ್ಲರಿಗೂ ಕೇಳುವಂತೆ ಓದಿದ. "ನಜ್ಮುನ್ನೀಸಾ, ಮದ್ದೂರು. ಬಿಲ್ಲು ತಕೊಂಡಿದ್ದೀವಿ."

ಅವಳು ಆಗ ತಿರುಗಿ ಆ ಗುತ್ತಿಗೆದಾರರಿಗೆ ಹೇಳಿದಳು. "ಯಾರ ಕಡೆಯಿಂದಲೂ ಅಲ್ಲ ಸ್ವಾಮಿ. ನಾನೇ ಬಂದಿದ್ದೀನಿ."